ಪುಡ್ಡಿಂಗ್ ಗಟ್ಟಿಯಾಗಲಿಲ್ಲವೆಂದು ಉರಿ ಏರಿಸಬೇಡಿ

ನಾವುಂದದಲ್ಲಿ ಮಕ್ಕಳು ರಜೆಗೆ ಬಂದಾಗ ಇಡ್ಲಿ ಪಾತ್ರೆಯಲ್ಲಿ ಮೊಟ್ಟೆ ಪುಡ್ಡಿಂಗ್ ಇಡುವವರಿಗೊಂದು ಮಾತು. ಬರೀ ಮೊಟ್ಟೆ ಕದಡಿದ್ದು ಸುಮಾರು 70 ಡಿಗ್ರಿಗೇ ಗಟ್ಟಿಯಾಗುತ್ತದೆ. ನಾಲ್ಕು ಮೊಟ್ಟೆಗೆ ಅರ್ಧ ಲೀಟರ್ ಹಾಲು, ಅರ್ಧ ಕಪ್ ಸಕ್ಕರೆ ಬಿದ್ದರೆ 80 ದಾಟಬೇಕು. ಹಾಲು ಮೊಟ್ಟೆಯ ಪ್ರೋಟೀನನ್ನು ತೆಳುವಾಗಿಸುತ್ತದೆ, ಸಕ್ಕರೆ ಅದು ಬಿಚ್ಚಿಕೊಳ್ಳುವುದನ್ನು ತಡಮಾಡುತ್ತದೆ. ತಡವಾಯಿತೆಂದು ಉರಿ ಏರಿಸಿದಿರೋ, 90ರ ಹತ್ತಿರ ಒಡೆದು, ಒಳಗೆಲ್ಲ ತೂತು ಬಿದ್ದು ನೀರು ಬಿಡುತ್ತದೆ. ಸಣ್ಣ ಉರಿಯಲ್ಲೇ ಬಿಡಿ; ಅಂಚು ಗಟ್ಟಿಯಾಗಿ ನಡು ತುಸು ನಡುಗುವಾಗಲೇ ಇಳಿಸಿ.

ಉಪ್ಪು, ಹುಳಿಯದ್ದು ಇದಕ್ಕೆ ಉಲ್ಟಾ. ಅವು ಮೊಟ್ಟೆಯನ್ನು ಕಡಿಮೆ ಬಿಸಿಗೇ ಗಟ್ಟಿ ಮಾಡುತ್ತವೆ. ಹುಣಸೆಹುಳಿಯ ಗಸಿಗೆ ಮೊಟ್ಟೆ ಒಡೆದು ಬಿಡುವಾಗ ಕುದಿ ಇಳಿಸಿಕೊಳ್ಳಿ. ಇಲ್ಲವಾದರೆ ರಬ್ಬರು ಜಗಿದಂತಾದೀತು.