ನಲವತ್ತನಾಲ್ಕು ಮಿಲಿಗ್ರಾಂ ಹಿಡಿಯುವ ಕೆಲಸ

ಆವಿಯಾಗದ ವಸ್ತುವನ್ನು ನೀರಿಗೆ ಕರಗಿಸಿದರೆ ನೀರಿನ ಆವಿ ಒತ್ತಡ ಇಳಿಯುತ್ತದೆ. ಆದರ್ಶ ದ್ರಾವಣದಲ್ಲಿ ಈ ಇಳಿಕೆಯನ್ನು ಶುದ್ಧ ನೀರಿನ ಒತ್ತಡದಿಂದ ಭಾಗಿಸಿದರೆ ಬರುವುದು ಕರಗಿದ ವಸ್ತುವಿನ ಮೋಲ್ ಭಿನ್ನರಾಶಿ. 1880ರ ದಶಕದಲ್ಲಿ ಫ್ರಾನ್ಸಿನ ರಾವೂಲ್ಟ್ ಕಂಡುಕೊಂಡ ಈ ನಿಯಮವನ್ನು ಬೋರ್ಡಿನ ಮೇಲೆ ಬರೆಯಲು ಅರ್ಧ ನಿಮಿಷ ಸಾಕು. ಪ್ರಯೋಗಾಲಯದಲ್ಲಿ ಅದನ್ನು ಅಳೆಯಲು ಹೋಗಿ ನಾನು ಕಲಿತದ್ದು ಇಷ್ಟು.

1. ಒತ್ತಡವನ್ನು ನೇರವಾಗಿ ಅಳೆಯಲು ಹೋಗಬೇಡಿ.
90 ಗ್ರಾಂ ನೀರಿಗೆ 6 ಗ್ರಾಂ ಯೂರಿಯಾ ಹಾಕಿದೆವು ಎನ್ನೋಣ. ನೀರು 5 ಮೋಲ್, ಯೂರಿಯಾ 0.1 ಮೋಲ್. 25 ಡಿಗ್ರಿಯಲ್ಲಿ ಶುದ್ಧ ನೀರಿನ ಆವಿ ಒತ್ತಡ 23.76 ಮಿ.ಮೀ. ಪಾದರಸ, ಲೆಕ್ಕದ ಪ್ರಕಾರ ಅದು 23.29ಕ್ಕೆ ಇಳಿಯಬೇಕು. ಅರ್ಧ ಮಿಲಿಮೀಟರೂ ಇಲ್ಲ. ಇತ್ತ ಉಷ್ಣತೆ 25ರಿಂದ 26ಕ್ಕೆ ಏರಿದರೆ ಒತ್ತಡ ಸುಮಾರು 1.4 ಮಿ.ಮೀ. ಹೆಚ್ಚುತ್ತದೆ. ಅಂದರೆ ಡಿಗ್ರಿಯ ಮೂರನೇ ಒಂದು ಪಾಲು ಎಡವಿದರೆ ಸಾಕು, ಹುಡುಕುತ್ತಿದ್ದ ಇಳಿಕೆಯೆಲ್ಲ ಅದರಲ್ಲೇ ಮುಳುಗುತ್ತದೆ. ಮೊದಲ ವರ್ಷ ಎರಡು ಮಾನೋಮೀಟರುಗಳನ್ನು ಕಿಟಕಿಯ ಪಕ್ಕದಲ್ಲಿಟ್ಟು ಒಂದು ವಾರ ಕಳೆದೆ. ನಾನು ಅಳೆದದ್ದು ಬಿಸಿಲನ್ನು.

2. ಒತ್ತಡದ ಬದಲು ತೂಕ ನೋಡಿ.
ಓಸ್ಟ್‌ವಾಲ್ಡ್–ವಾಕರ್ ವಿಧಾನದ ಜಾಣತನ ಇಲ್ಲಿದೆ. ಒಣಗಿಸಿದ ಗಾಳಿಯನ್ನು ಮೊದಲು ದ್ರಾವಣದ ಬಲ್ಬುಗಳಲ್ಲಿ, ಆಮೇಲೆ ಶುದ್ಧ ನೀರಿನ ಬಲ್ಬುಗಳಲ್ಲಿ, ಕೊನೆಗೆ ತೂಗಿಟ್ಟ ಕ್ಯಾಲ್ಸಿಯಂ ಕ್ಲೋರೈಡ್ ಕೊಳವೆಯಲ್ಲಿ ಹಾಯಿಸುತ್ತೇವೆ. ದ್ರಾವಣ ತನ್ನ ಇಳಿದ ಒತ್ತಡಕ್ಕೆ ತಕ್ಕಷ್ಟು ಆವಿ ಕೊಡುತ್ತದೆ. ಕೊರತೆಯನ್ನು ಶುದ್ಧ ನೀರು ತುಂಬುತ್ತದೆ. ಒಟ್ಟು ಆವಿಯನ್ನು ಕೊನೆಯ ಕೊಳವೆ ಹೀರುತ್ತದೆ. ನೀರಿನ ಬಲ್ಬು ಕಳೆದುಕೊಂಡ ತೂಕವನ್ನು ಕೊಳವೆ ಗಳಿಸಿದ ತೂಕದಿಂದ ಭಾಗಿಸಿದರೆ ನಮಗೆ ಬೇಕಾದ ಭಿನ್ನರಾಶಿಯೇ ಸಿಗುತ್ತದೆ. ಎರಡೂ ಬಲ್ಬುಗಳು ಒಂದೇ ತೊಟ್ಟಿಯಲ್ಲಿರುವುದರಿಂದ ತೊಟ್ಟಿ 25.2 ಡಿಗ್ರಿ ಇದ್ದರೂ ಚಿಂತೆಯಿಲ್ಲ; ಎರಡರ ನಡುವೆ ವ್ಯತ್ಯಾಸ ಇರಬಾರದು, ಅಷ್ಟೇ.

3. ಕೂಡಿಸಿ ನೋಡಿ, ಆದರೆ ಅದನ್ನೇ ನಂಬಬೇಡಿ.
ನೂರು ಲೀಟರ್ ಗಾಳಿ 25 ಡಿಗ್ರಿಯಲ್ಲಿ ಸುಮಾರು 2.3 ಗ್ರಾಂ ನೀರು ಹೊತ್ತೊಯ್ಯುತ್ತದೆ. ಗಂಟೆಗೆ ಹತ್ತು ಲೀಟರಿನಂತೆ ಬಿಟ್ಟರೆ ಬೆಳಿಗ್ಗೆ ಶುರುವಾದದ್ದು ರಾತ್ರಿಗೆ ಮುಗಿಯುತ್ತದೆ. ಎರಡು ಬಲ್ಬುಗಳ ನಷ್ಟ ಕೂಡಿಸಿದರೆ ಕೊಳವೆಯ ಗಳಿಕೆಗೆ ಸಮನಾಗಬೇಕು. ಗಳಿಕೆ ಹೆಚ್ಚಿದ್ದರೆ ಒಳಬಂದ ಗಾಳಿ ಸರಿಯಾಗಿ ಒಣಗಿರಲಿಲ್ಲ. ಮಳೆಗಾಲದಲ್ಲಿ ಇದು ಮಾಮೂಲು. ಕಡಿಮೆ ಇದ್ದರೆ ಎಲ್ಲೋ ಸೋರಿದೆ, ಇಲ್ಲವೇ ಕ್ಲೋರೈಡ್ ದಣಿದಿದೆ.

ಈ ಲೆಕ್ಕಕ್ಕೆ ಸಿಗದ ಕಳ್ಳನೊಬ್ಬನಿದ್ದಾನೆ: ತುಂತುರು. ಗಾಳಿ ಜೋರಾದರೆ ಗುಳ್ಳೆ ಒಡೆದು ನೀರಿನ ಹನಿಗಳೇ ಕೊಳವೆಗೆ ಹಾರುತ್ತವೆ. ನಷ್ಟವೂ ಗಳಿಕೆಯೂ ಒಟ್ಟಿಗೇ ಹೆಚ್ಚುವುದರಿಂದ ಮೊತ್ತ ಚೆನ್ನಾಗಿಯೇ ತಾಳೆಯಾಗುತ್ತದೆ. ಕೇವಲ 5 ಮಿಲಿಗ್ರಾಂ ತುಂತುರಿಗೆ ಭಿನ್ನರಾಶಿಯಿಂದ ಲೆಕ್ಕಹಾಕಿದ ಯೂರಿಯಾದ ಮೋಲಾರ್ ದ್ರವ್ಯರಾಶಿ 62ರ ಬದಲು 56 ಎಂದು ಬಂದೀತು; ನಿಜವಾದ 60ರ ಬದಲು 62 ಏಕೆಂಬುದು ಐದನೆಯದರಲ್ಲಿದೆ. ಬಲ್ಬಿನ ಬಾಯಿಗೆ ಗಾಜಿನ ಉಣ್ಣೆ ಇಡಿ. ಅನುಮಾನ ಬಂದರೆ ಗಾಳಿಯ ವೇಗ ಅರ್ಧ ಮಾಡಿ ಮತ್ತೊಮ್ಮೆ ನಡೆಸಿ. ಉತ್ತರ ಬದಲಾದರೆ ಕಳ್ಳ ಸಿಕ್ಕ.

4. ಒತ್ತಡ ಇಳಿಯುವುದಕ್ಕೆ ‘ಕರಗಿದ ಕಣಗಳು ಮೇಲ್ಮೈಗೆ ಅಡ್ಡ ಕೂರುತ್ತವೆ’ ಎಂಬ ವಿವರಣೆ ಬಿಡಿ.
ಅಡ್ಡ ಕೂತದ್ದೇ ಕಾರಣವಾದರೆ ದಪ್ಪ ಸಕ್ಕರೆಯ ಅಣು ಯೂರಿಯಾಕ್ಕಿಂತ ಹೆಚ್ಚು ತಡೆಯಬೇಕಿತ್ತು. ಆದರ್ಶ ದ್ರಾವಣದಲ್ಲಿ ಲೆಕ್ಕಕ್ಕೆ ಬರುವುದು ಕಣಗಳ ಎಣಿಕೆ ಮಾತ್ರ. ಅಲ್ಲದೆ ಹೊರಹೋಗುವ ಅಣುವಿಗೆ ಅಡ್ಡವಾದದ್ದು ಮರಳಿ ಬರುವ ಅಣುವಿಗೂ ಅಡ್ಡವೇ.

5. 60 ಬರಲಿಲ್ಲವೆಂದು ಕೈಯನ್ನೇ ಬೈದುಕೊಳ್ಳಬೇಡಿ.
ಚೆನ್ನಾಗಿ ನಡೆದ ಒಂದು ಪ್ರಯೋಗವನ್ನು ತೆಗೆದುಕೊಳ್ಳಿ. ಗಳಿಕೆ 2.300 ಗ್ರಾಂ, ನೀರಿನ ಬಲ್ಬಿನ ನಷ್ಟ 0.0441 ಗ್ರಾಂ, ಭಿನ್ನರಾಶಿ 0.01917. ದ್ರಾವಣವೂ ದಿನವಿಡೀ 2.256 ಗ್ರಾಂ ನೀರು ಕಳೆದುಕೊಂಡು ಗಟ್ಟಿಯಾಗುತ್ತಾ ಬಂದಿದೆ. ಹಾಗಾಗಿ 90 ಅಲ್ಲ, ಸರಾಸರಿ 88.87 ಗ್ರಾಂ ನೀರು ಹಿಡಿಯಬೇಕು, ಅಂದರೆ 4.937 ಮೋಲ್. 0.01917ನ್ನು 0.98083ರಿಂದ ಭಾಗಿಸಿ 4.937ರಿಂದ ಗುಣಿಸಿದರೆ ಯೂರಿಯಾ 0.0965 ಮೋಲ್. 6 ಗ್ರಾಮನ್ನು ಅದರಿಂದ ಭಾಗಿಸಿದರೆ 62.2.

ಸರಾಸರಿ ಮರೆತು 90 ಗ್ರಾಂ ಎಂದೇ ಹಾಕಿದ ವಿದ್ಯಾರ್ಥಿಗೆ 61.4 ಬರುತ್ತದೆ. ತಪ್ಪು ಮಾಡಿದವನ ಉತ್ತರವೇ ನಿಜಕ್ಕೆ ಹತ್ತಿರ! ಅವನಿಗೆ ಹೆಚ್ಚು ಅಂಕ ಕೊಟ್ಟ ಪಾಪ ನನ್ನ ಮೇಲಿದೆ. ಸರಿಯಾದ ಲೆಕ್ಕದಲ್ಲೂ ಉಳಿಯುವ ಎರಡು ಗ್ರಾಮಿನ ವ್ಯತ್ಯಾಸ ಬಹುಮಟ್ಟಿಗೆ ಯೂರಿಯಾದ್ದೇ: ಈ ಸಾರತೆಯಲ್ಲಿ ಅದರ ದ್ರಾವಣ ಆದರ್ಶವಲ್ಲ. ಅಣುಗಳು ಪರಸ್ಪರ ಅಂಟಿಕೊಂಡು ಕಣಗಳ ಎಣಿಕೆ ತುಸು ಕಡಿಮೆ ಇದ್ದಂತೆ ತೋರಿಸುತ್ತವೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ದ್ರಾವಣವನ್ನು ಅರ್ಧಕ್ಕೆ ತೆಳುಮಾಡಿದರೆ ಉತ್ತರ ಸುಮಾರು 61ಕ್ಕೆ ಇಳಿಯುತ್ತದೆ. ಆದರೆ ಆಗ ತೂಗಬೇಕಾದದ್ದು ಬರೀ 22 ಮಿಲಿಗ್ರಾಂ.