ಭಾರೀ ಫ್ಯಾನ್ ವೇಗ ಹಿಡಿಯಲು ಎಷ್ಟು ಸೆಕೆಂಡು?

ಮೋಟರ್‌ನ ಟಾರ್ಕ್‌ನಲ್ಲಿ ಫ್ಯಾನ್‌ನ ಗಾಳಿ ಒಂದು ಪಾಲು ನುಂಗುತ್ತದೆ. ಉಳಿದದ್ದೇ ವೇಗವರ್ಧಕ ಟಾರ್ಕ್. ಸೂತ್ರ ಸರಳ:

t = J × ω / (Tm − TL)

ಇಲ್ಲಿ Tm, TL ಎರಡೂ ಸರಾಸರಿ ಟಾರ್ಕ್‌ಗಳು.

160 ಕಿಲೋವ್ಯಾಟ್, 1480 ಆರ್‌ಪಿಎಂ ಇಂಡಕ್ಷನ್ ಮೋಟರ್ ತೆಗೆದುಕೊಳ್ಳೋಣ. ω ಸುಮಾರು 155 ರೇಡಿಯನ್/ಸೆಕೆಂಡ್. ಮೋಟರ್ ಮತ್ತು ಫ್ಯಾನ್‌ನ ಒಟ್ಟು ಜಡತ್ವ 150 ಕೆಜಿ·ಮೀ², ಮೋಟರ್‌ನ ಸರಾಸರಿ ಟಾರ್ಕ್ 1550 ನ್ಯೂಟನ್ ಮೀಟರ್ ಇರಲಿ. ಪೂರ್ಣ ವೇಗದಲ್ಲಿ ಫ್ಯಾನ್ 900 ಕೇಳುತ್ತದೆ. ಆದರೆ ಫ್ಯಾನ್ ಟಾರ್ಕ್ ವೇಗದ ವರ್ಗದಂತೆ ಏರುವುದರಿಂದ ಸರಾಸರಿ ಅದರ ಮೂರನೇ ಒಂದು ಭಾಗ, ಅಂದರೆ 300. ಇಲ್ಲಿ ಅರ್ಧ ಹಿಡಿಯುವವರೇ ಹೆಚ್ಚು. ಉಳಿಯುವುದು 1250; ಉತ್ತರ 150 × 155 / 1250 = 18.6 ಸೆಕೆಂಡು.

ಪ್ರಶ್ನೆಯಲ್ಲಿ GD² ಕೊಟ್ಟಿದ್ದರೆ ಮೊದಲು 4ರಿಂದ ಭಾಗಿಸಿ J ಪಡೆಯಿರಿ.

ಈಗ ವೋಲ್ಟೇಜ್ ಶೇ. 80ಕ್ಕೆ ಕುಸಿಯಿತು ಎನ್ನಿ. ಮೋಟರ್ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣ, ಹಾಗಾಗಿ 0.64 ಪಟ್ಟು: 992. ಫ್ಯಾನ್ ಮಾತ್ರ ಏನೂ ಬಿಟ್ಟುಕೊಡುವುದಿಲ್ಲ. ವೇಗವರ್ಧಕ ಟಾರ್ಕ್ 692ಕ್ಕೆ ಇಳಿದು, ಸಮಯ 33.6 ಸೆಕೆಂಡಿಗೆ ಏರುತ್ತದೆ. ಮೋಟರ್ ತಡೆದುಕೊಳ್ಳುವ ಅವಧಿ ಇದಕ್ಕಿಂತ ಕಡಿಮೆಯಿದ್ದರೆ ರೋಟರ್ ಮಿತಿಮೀರಿ ಕಾಯುತ್ತದೆ, ಅಥವಾ ಓವರ್‌ಲೋಡ್ ರಿಲೇ ನಡುವೆಯೇ ಟ್ರಿಪ್ ಆಗುತ್ತದೆ.

ಸೆಂಟ್ರಿಫ್ಯೂಗಲ್ ಫ್ಯಾನನ್ನು ಡ್ಯಾಂಪರ್ ಮುಚ್ಚಿ ಚಾಲೂ ಮಾಡಿದರೆ TL ತಗ್ಗುತ್ತದೆ. J ಮಾತ್ರ ಹಾಗೆಯೇ ಇರುತ್ತದೆ. TL ಪೂರ್ತಿ ಸೊನ್ನೆಯಾದರೂ ಸಾಮಾನ್ಯ ವೋಲ್ಟೇಜಿನಲ್ಲಿ 15 ಸೆಕೆಂಡು ಬೇಕೇ ಬೇಕು.