ಕಾರ್ಡಿನಿಂದ ಹಣ ಬಾರದಿದ್ದಾಗ

ಅಣ್ಣನ ಆನ್‌ಲೈನ್ ಟ್ಯೂಷನ್‌ಗೆ ತಿಂಗಳಿಗೆ 299 ರೂಪಾಯಿ ಚಂದಾ. ಕಾರ್ಡಿನಿಂದ ಹಣ ಬಾರದಿದ್ದಾಗ ಹೋಗುವ ಸಂದೇಶಗಳನ್ನು ಬರೆದವನು ನಾನು. ಮೊದಲು ಎಲ್ಲರಿಗೂ ‘ಕಾರ್ಡ್ ಬದಲಿಸಿ’ ಎಂದೇ ಕಳಿಸುತ್ತಿದ್ದೆ. ಖಾತೆಯಲ್ಲಿ ಹಣ ಕಡಿಮೆಯಿದ್ದವರು ಗೊಂದಲಕ್ಕೆ ಬಿದ್ದರು. ಅವರ ಕಾರ್ಡ್ ಸರಿಯಾಗಿಯೇ ಇತ್ತಲ್ಲ!

ಬ್ಯಾಂಕು ನಿರಾಕರಿಸುವಾಗ ಕಾರಣದ ಸಂಖ್ಯೆ ಕೊಡುತ್ತದೆ. 51 ಎಂದರೆ ಹಣ ಸಾಲದು. ಅವರಿಗೆ ‘ಪಾಠ ನಿಂತಿಲ್ಲ, 3ನೇ ತಾರೀಖು ಮತ್ತೆ ಪ್ರಯತ್ನಿಸುತ್ತೇವೆ’ ಎಂದರೆ ಸಾಕು, ಅಷ್ಟರಲ್ಲಿ ಸಂಬಳವಾಗಿರುತ್ತದೆ. 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ. ಅದೇ ಕಾರ್ಡಿಗೆ ಮತ್ತೆ ಯತ್ನಿಸಿ ಫಲವಿಲ್ಲ. ಹೊಸ ಕಾರ್ಡ್ ಸೇರಿಸಲು ಅಂದೇ ಕೇಳುತ್ತೇನೆ, ಮೂರನೇ ದಿನ ನೆನಪಿಸುತ್ತೇನೆ, ಏಳನೇ ದಿನ ಪಾಠ ನಿಲ್ಲುವ ತಾರೀಖು ತಿಳಿಸುತ್ತೇನೆ.

ಒಮ್ಮೆ ಬೆಳಿಗ್ಗೆ ಹಣ ಕಟ್ಟಿದವರಿಗೆ ಸಂಜೆ ಈ ಕೊನೆಯ ಸಂದೇಶವೇ ಹೋಯಿತು. ಈಗ ಪ್ರತಿ ಸಂದೇಶಕ್ಕೂ ಮುನ್ನ ಹಣ ಬಂದಿದೆಯೇ ಎಂದು ನೋಡುತ್ತೇನೆ.